ಎಂಟು ತಖ್ತೆ, ಒಂದು ಆಯವ್ಯಯ

ಜಿಲ್ಲಾ ಕೇಂದ್ರವೊಂದರಲ್ಲಿ ಟ್ರಸ್ಟ್ ನಡೆಸುತ್ತಿದ್ದ ಆಸ್ಪತ್ರೆಯ ಲೆಕ್ಕಪತ್ರ ಶಾಖೆಯಲ್ಲಿ ನನ್ನ ನೌಕರಿಯ ಬಹುಭಾಗ ಕಳೆಯಿತು. ಪ್ರತಿ ಜನವರಿಯಲ್ಲಿ ಎಂಟು ಕಡೆಯಿಂದ ಮುಂದಿನ ಸಾಲಿನ ಬೇಡಿಕೆಗಳು ನಮ್ಮ ಮೇಜಿಗೆ ಬರುತ್ತಿದ್ದವು: ಲ್ಯಾಬ್, ಔಷಧಾಲಯ, ನರ್ಸಿಂಗ್, ಅಡುಗೆಮನೆ, ವಾಹನ, ನಿರ್ವಹಣೆ, ನರ್ಸಿಂಗ್ ಶಾಲೆ ಮತ್ತು ಸಿಬ್ಬಂದಿ ಶಾಖೆ. ಮಾರ್ಚ್ ತಿಂಗಳ ಟ್ರಸ್ಟ್ ಸಭೆಗೆ ಇವೆಲ್ಲ ಸೇರಿ ಒಂದೇ ಆಯವ್ಯಯವಾಗಿ ಹೋಗಬೇಕು. ಒಂದೊಂದು ಬಾಬ್ತಿನ ಎದುರಿಗೂ ಕಳೆದ ಬಾರಿ ಎಷ್ಟಿತ್ತು, ಈಗ ಎಷ್ಟು ಕೇಳಿದ್ದಾರೆ, ನಡುವಿನ ವ್ಯತ್ಯಾಸವೆಷ್ಟು, ಅದಕ್ಕೆ ಕಾರಣವೇನು ಎಂದು ಬರೆದಿರಬೇಕು. ಏಪ್ರಿಲ್ 1ರಿಂದ ಹೊಸ ಸಾಲು ಶುರುವಾಗುವ ಹೊತ್ತಿಗೆ ಯಾರಿಗೆ ಎಷ್ಟು ಮಂಜೂರು ಎಂಬುದು ತೀರ್ಮಾನವಾಗಿರಬೇಕು.

ಎಂಟು ತಖ್ತೆಗಳೂ ಎಂಟು ಬಗೆಯವು. ಲ್ಯಾಬ್ ಮೇಡಂ ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಹನ್ನೆರಡು ಕಾಲಂ ಎಳೆದು, ಒಂದೊಂದು ಸಾಲಿನಲ್ಲಿ ಒಂದೊಂದು ರೀಏಜೆಂಟಿನ ಖರ್ಚು ಬರೆಯುತ್ತಿದ್ದರು. ನಿರ್ವಹಣೆಯ ಇಂಜಿನಿಯರ್ ಎಲ್ಲವನ್ನೂ ಲಕ್ಷಗಳಲ್ಲಿ, ಒಂದು ವರ್ಷಕ್ಕೆ ಒಂದು ಅಂಕಿಯಂತೆ ಕೊಡುತ್ತಿದ್ದರು. ವಾಹನ ವಿಭಾಗದ್ದು ಗಾಡಿಗೊಂದು ಪುಟ. ಡೀಸೆಲ್, ಟೈರು, ವಿಮೆ ಎಲ್ಲ ಅದರಲ್ಲೇ. ಅಡುಗೆಮನೆಯ ಮೇಲ್ವಿಚಾರಕಿಯನ್ನು ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ಅವರ ಲೆಕ್ಕ ಉದ್ದನೆಯ ನೋಟ್‌ಬುಕ್ಕಿನಲ್ಲಿ ಊಟಕ್ಕಿಷ್ಟು, ದಿನಕ್ಕಿಷ್ಟು ಊಟ ಎಂದು ಇರುತ್ತಿತ್ತು. ನರ್ಸಿಂಗ್ ಸೂಪರಿಂಟೆಂಡೆಂಟ್ ಸಿಸ್ಟರ್ ನುಡಿಯಲ್ಲಿ ಟೈಪ್ ಮಾಡಿಸಿದ ಕನ್ನಡ ಪಟ್ಟಿ ಕಳಿಸುತ್ತಿದ್ದರು.

ಮೊದಲು ನೋಡಿದವರಿಗೆ ತೋಚುವ ದಾರಿ ಒಂದೇ: ಎಲ್ಲರಿಗೂ ಒಂದೇ ನಮೂನೆ ಕಳಿಸಿ, ತುಂಬಿ ಕೊಡಿ ಎನ್ನುವುದು. ನಾನು ಸೇರುವ ಮುಂಚೆ ಆಡಳಿತದವರು ಅದನ್ನು ಮಾಡಿ ನೋಡಿದ್ದರು. ಆ ವರ್ಷದ ಕಡತವನ್ನು ನಾನು ತೆಗೆದು ಓದಿದ್ದೇನೆ. ನಮೂನೆಯಲ್ಲಿದ್ದದ್ದು ‘ಸಾಮಗ್ರಿ’, ‘ದುರಸ್ತಿ’, ‘ಇತರೆ’ ಎಂಬ ಬಾಬ್ತುಗಳು. ಅಡುಗೆಮನೆಯಿಂದ ‘ಸಾಮಗ್ರಿ’ ಎಂದು ಒಂದೇ ದೊಡ್ಡ ಅಂಕಿ ಬಂದಿತ್ತು. ಎಷ್ಟು ಊಟ, ಊಟಕ್ಕೆಷ್ಟು ಎಂಬುದು ಮಾಯವಾಗಿತ್ತು. ವಾಹನದವರು ಡೀಸೆಲ್ಲನ್ನು ಲೀಟರಿನಲ್ಲಿ ಬರೆಯಲು ಜಾಗವಿಲ್ಲದೆ ರೂಪಾಯಿಯಲ್ಲಷ್ಟೇ ಬರೆದಿದ್ದರು. ತಖ್ತೆಗಳೇನೋ ಒಂದರ ಕೆಳಗೊಂದು ಚೆನ್ನಾಗಿ ಕೂತಿದ್ದವು. ಆದರೆ ವ್ಯತ್ಯಾಸ ಏಕೆ ಬಂತು ಎಂದು ಸಭೆಯಲ್ಲಿ ಕೇಳಿದರೆ ಉತ್ತರ ಹುಡುಕಲು ಆ ಕಡತದಲ್ಲಿ ಏನೂ ಉಳಿದಿರಲಿಲ್ಲ.

ಅಲ್ಲಿಂದ ನನಗೊಂದು ವಿಷಯ ಖಚಿತವಾಯಿತು. ಅಕ್ಕ ಊಟದ ಲೆಕ್ಕದಲ್ಲಿ ಯೋಚಿಸುವುದು ಖರ್ಚು ಹುಟ್ಟುವುದೇ ಊಟದಿಂದ ಎನ್ನುವ ಕಾರಣಕ್ಕೆ. ವಾಹನದವರು ಗಾಡಿಯ ಲೆಕ್ಕದಲ್ಲಿ ಯೋಚಿಸುವುದೂ ಹಾಗೆಯೇ. ಪ್ರತಿ ವಿಭಾಗದ ತಖ್ತೆಯ ರೂಪದಲ್ಲಿ ಆ ವಿಭಾಗದ ತಿಳಿವಳಿಕೆ ಇರುತ್ತದೆ. ಅದನ್ನು ಅಳಿಸದೆ ಒಂದು ಮಾಡುವ ಹೊಣೆ ಲೆಕ್ಕಪತ್ರ ಶಾಖೆಯದು, ವಿಭಾಗದ್ದಲ್ಲ. 2019-20ನೇ ಸಾಲಿನ ಆಯವ್ಯಯವನ್ನು ಕ್ರೋಡೀಕರಿಸಿದ ರೀತಿಯನ್ನು ಇಲ್ಲಿ ಹೇಳುತ್ತೇನೆ. ನಾನು ನಂಬುವ ಕ್ರಮ ಪೂರ್ತಿಯಾಗಿ ರೂಪು ಪಡೆದದ್ದು ಆ ವರ್ಷವೇ. ಓದಲು ಸುಲಭವಾಗಲೆಂದು ಅಂಕಿಗಳನ್ನು ದುಂಡಗೆ ಮಾಡಿದ್ದೇನೆ.

ಮೊದಲ ಕೆಲಸ ತೀರ ಸರಳ. ಬಂದ ತಖ್ತೆಯನ್ನು ಮುಟ್ಟದೆ ಒಂದು ಪ್ರತಿ ಎತ್ತಿಟ್ಟು, ಅದರ ಕೊನೆಯಲ್ಲಿ ವಿಭಾಗದವರೇ ಬರೆದ ಒಟ್ಟು ಮೊತ್ತವನ್ನು ಬೇರೆ ಹಾಳೆಯಲ್ಲಿ ಗುರುತು ಮಾಡಿಕೊಳ್ಳುವುದು. ಎಂಟು ವಿಭಾಗ, ಎಂಟು ಮೊತ್ತ. ಮುಂದೆ ನಾವು ಏನೇ ಮಾಡಿದರೂ ಈ ಎಂಟು ಅಂಕಿಗಳಿಗೆ ತಾಳೆಯಾಗಬೇಕು. ಇಲ್ಲದಿದ್ದರೆ ಏಕಿಲ್ಲ ಎಂದು ಬರೆದು ತೋರಿಸಬೇಕು. ಆ ವರ್ಷ ಎಂಟೂ ವಿಭಾಗಗಳ ಖರ್ಚಿನ ಬೇಡಿಕೆ ಕೂಡಿದಾಗ 6,42,00,000 ರೂಪಾಯಿ ಬಂತು.

ಎರಡನೆಯದು, ಎಲ್ಲ ತಖ್ತೆಗಳನ್ನೂ ಒಂದೇ ಉದ್ದನೆಯ ಪಟ್ಟಿಗೆ ಇಳಿಸುವುದು. ಒಂದು ಸಾಲಿಗೆ ಒಂದೇ ಮೊತ್ತ. ಆ ಸಾಲಿನಲ್ಲಿ ವಿಭಾಗದ ಹೆಸರು, ಅವರು ಬರೆದ ಮೂಲ ಪದ, ನಾವು ಕೊಡುವ ಲೆಕ್ಕಶೀರ್ಷಿಕೆಯ ಕೋಡ್, ಯಾವ ಸಾಲಿನದು, ಪ್ರಮಾಣ, ದರ, ಮೊತ್ತ ಇಷ್ಟು ಇರುತ್ತವೆ. ಲ್ಯಾಬಿನ ಒಂದು ರೀಏಜೆಂಟ್ ಹನ್ನೆರಡು ತಿಂಗಳಿಗೆ ಹನ್ನೆರಡು ಸಾಲಾಗುತ್ತದೆ. ಇಂಜಿನಿಯರ್ ಕೊಟ್ಟ ‘3.2’ ಎಂಬುದು 3,20,000 ಆಗಿ ಒಂದು ಸಾಲಾಗುತ್ತದೆ. ಪಟ್ಟಿ ನೋಡಲು ಚೆಂದವಿರುವುದಿಲ್ಲ, ನೂರಾರು ಸಾಲು ಉದ್ದವಾಗುತ್ತದೆ. ಆದರೆ ಸಭೆಗೆ ಹೋಗುವ ತಖ್ತೆಯನ್ನು ಕೈಯಿಂದ ತುಂಬುವ ಕೆಲಸ ಆಮೇಲೆ ಇರುವುದಿಲ್ಲ. ಅದರ ಪ್ರತಿ ಕೋಶವೂ ಈ ಪಟ್ಟಿಯಿಂದ ಕೂಡಿಕೊಂಡು ಬರುತ್ತದೆ. ಪಟ್ಟಿಯ ಹಾಳೆಗೆ Data ಎಂದು ಹೆಸರಿಟ್ಟು, ಕೋಡ್ C ಕಾಲಂನಲ್ಲಿ, ಸಾಲು D ಕಾಲಂನಲ್ಲಿ, ಮೊತ್ತ G ಕಾಲಂನಲ್ಲಿ ಇದ್ದರೆ ಸೂತ್ರ ಇಷ್ಟೇ:

```
=SUMIFS(Data!$G:$G, Data!$C:$C, $A5, Data!$D:$D, E$4)
```

A5ರಲ್ಲಿ ಕೋಡ್, E4ರಲ್ಲಿ ಸಾಲಿನ ಹೆಸರು. ಇದನ್ನು ಅಡ್ಡಕ್ಕೂ ಉದ್ದಕ್ಕೂ ಎಳೆದರೆ ಇಡೀ ತಖ್ತೆ ತುಂಬುತ್ತದೆ. ಯಾವ ಅಂಕಿಯ ಬಗ್ಗೆ ಯಾರು ಕೇಳಿದರೂ, ಆ ಕೋಡಿನ ಸಾಲುಗಳನ್ನಷ್ಟೇ ಪಟ್ಟಿಯಲ್ಲಿ ಸೋಸಿ ತೆಗೆದು ವಿಭಾಗದ ಮೂಲ ಪದದವರೆಗೂ ಹೋಗಬಹುದು.

ಈ ಇಳಿಸುವ ಹಂತದಲ್ಲಿ ಸದ್ದಿಲ್ಲದೆ ತಪ್ಪುವ ಜಾಗಗಳಿವೆ. ಅಂಕಿಯಂತೆ ಕಾಣುವ ಅಕ್ಷರಗಳು ಅವುಗಳಲ್ಲಿ ಒಂದು. ‘1,20,000/-’ ಎಂದು ಟೈಪ್ ಮಾಡಿದ ಕೋಶ ನಮ್ಮ ಕಣ್ಣಿಗೆ ಮೊತ್ತ, ಯಂತ್ರಕ್ಕೆ ಬರೀ ಪದ. ಕೂಡುವ ಸೂತ್ರ ಅದನ್ನು ಬಿಟ್ಟು ಮುಂದೆ ಹೋಗುತ್ತದೆ, ತಪ್ಪು ಎಂದು ಹೇಳುವುದಿಲ್ಲ. ಮೊತ್ತದ ಕಾಲಂನಲ್ಲಿ ತುಂಬಿದ ಕೋಶಗಳೆಷ್ಟು, ಅವುಗಳಲ್ಲಿ ನಿಜವಾದ ಸಂಖ್ಯೆಗಳೆಷ್ಟು ಎಂದು ಕಳೆದು ನೋಡಿದರೆ ಅದು ಸಿಕ್ಕಿಬೀಳುತ್ತದೆ:

```
=COUNTA(G2:G900)-COUNT(G2:G900)
```

ಉತ್ತರ ಸೊನ್ನೆಯಾಗಿರಬೇಕು. ಮೂರು ಬಂದರೆ ಮೂರು ಸಾಲು ಲೆಕ್ಕದಿಂದ ಹೊರಗಿವೆ ಎಂದರ್ಥ.

ಉಪಮೊತ್ತಗಳು ಇನ್ನೊಂದು ಜಾಗ. ನಿರ್ವಹಣೆಯ ತಖ್ತೆಯಲ್ಲಿ ಪ್ರತಿ ಗುಂಪಿನ ಕೆಳಗೆ ಒಂದು ಉಪಮೊತ್ತ, ಕೊನೆಗೆ ಒಟ್ಟು ಮೊತ್ತ ಇರುತ್ತಿತ್ತು. ಅವೂ ಪಟ್ಟಿಗೆ ಇಳಿದರೆ ಒಂದೇ ಹಣ ಮೂರು ಸಲ ಬರುತ್ತದೆ. ಇದನ್ನು ಪತ್ತೆ ಮಾಡುವುದು ಸುಲಭ. ವಿಭಾಗದ ಸಾಲುಗಳ ಮೊತ್ತವು ಅವರೇ ಬರೆದ ಒಟ್ಟಿಗೆ ಸರಿಯಾಗಿ ಎರಡರಷ್ಟು ಅಥವಾ ಮೂರರಷ್ಟು ಬಂದರೆ ಬೇರೆ ಕಾರಣ ಹುಡುಕಬೇಕಾಗಿಯೇ ಇಲ್ಲ. ಮೊದಲೇ ಗುರುತು ಹಾಕಿಟ್ಟ ಎಂಟು ಅಂಕಿಗಳು ಪ್ರಯೋಜನಕ್ಕೆ ಬರುವುದು ಇಲ್ಲಿ.

ತಪ್ಪುವ ಮೂರನೆಯ ಜಾಗ ನಮ್ಮ ಕನ್ನಡ ಕಚೇರಿಗಳಿಗೇ ಸೇರಿದ್ದು. ನುಡಿಯ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ‘ಬಟ್ಟೆ ಒಗೆತ’ ಎಂಬ ಪದವೂ ಯೂನಿಕೋಡಿನಲ್ಲಿ ಟೈಪ್ ಮಾಡಿದ ಅದೇ ಪದವೂ ಪರದೆಯ ಮೇಲೆ ಒಂದೇ ಥರ ಕಾಣುತ್ತವೆ. ಯಂತ್ರದೊಳಗೆ ಮೊದಲನೆಯದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಾಲು. ಫಾಂಟು ಮಾತ್ರ ಅದನ್ನು ಕನ್ನಡವಾಗಿ ತೋರಿಸುತ್ತಿರುತ್ತದೆ. ಪದವನ್ನು ಪದಕ್ಕೆ ಹೊಂದಿಸಲು ಹೋದರೆ ಎರಡೂ ಬೇರೆ ಎಂದೇ ಉತ್ತರ ಬರುತ್ತದೆ. ಕೋಶದ ಫಾಂಟನ್ನು Arial ಎಂದು ಬದಲಿಸಿದರೆ ಹಳೆಯ ನುಡಿ ಪದ ಒಡೆದು ಅರ್ಥವಿಲ್ಲದ ಅಕ್ಷರಗಳಾಗುತ್ತದೆ, ಯೂನಿಕೋಡ್ ಪದ ಕನ್ನಡವಾಗಿಯೇ ಉಳಿಯುತ್ತದೆ. ಸಿಸ್ಟರ್ ಅವರ ಪಟ್ಟಿಯನ್ನು ಮೊದಲು ಪರಿವರ್ತಕದಲ್ಲಿ ಯೂನಿಕೋಡಿಗೆ ತಂದು, ಆಮೇಲೆ ಪ್ರತಿ ಸಾಲಿಗೂ ಸಂಖ್ಯೆಯ ಕೋಡ್ ಹಾಕಿದೆವು. ಕೂಡುವುದು, ಹೊಂದಿಸುವುದು ಎಲ್ಲವೂ ಕೋಡಿನ ಮೇಲೆಯೇ ನಡೆಯಬೇಕು, ಪದದ ಮೇಲೆ ಅಲ್ಲ ಎಂಬ ನಿಯಮ ನಮ್ಮಲ್ಲಿ ಗಟ್ಟಿಯಾದದ್ದು ಹಾಗೆ.

ಇನ್ನು ಕೋಡ್ ಕೊಡುವ ಕೆಲಸ. ಮೂಲ ಪದ ಇದು, ನಮ್ಮ ಶೀರ್ಷಿಕೆ ಅದು ಎಂದು ಹೇಳುವ ಹೊಂದಾಣಿಕೆ ಪಟ್ಟಿ ಒಂದನ್ನು ಮಾಡಿಕೊಂಡೆವು. ನಿಜವಾದ ತಿಳಿವಳಿಕೆ ಬೇಕಾಗುವುದು ಈ ಹಂತದಲ್ಲಿ. ಯಂತ್ರ ಇಲ್ಲಿ ನೆರವಿಗೆ ಬರುವುದಿಲ್ಲ. ಪದ ಒಂದೇ ಇದ್ದರೂ ಅದರೊಳಗಿನ ಹಣ ಬೇರೆ ಇರಬಹುದು. ಲ್ಯಾಬಿನ ಉದಾಹರಣೆಯನ್ನು ಪೂರ್ತಿಯಾಗಿ ಹೇಳುತ್ತೇನೆ.

ಲ್ಯಾಬ್ ಮೇಡಂ ಮುಂದಿನ ಸಾಲಿಗೆ ರೀಏಜೆಂಟ್ ಬಾಬ್ತಿಗೆ 24,00,000 ಕೇಳಿದ್ದರು. ಚಾಲ್ತಿ ಸಾಲಿನಲ್ಲಿ ಆ ಬಾಬ್ತಿಗೆ ನಮ್ಮ ಲೆಡ್ಜರಿನಿಂದ ತೆಗೆದ ಪರಿಷ್ಕೃತ ಅಂದಾಜು 25,20,000. ತಖ್ತೆಯಲ್ಲಿ ವ್ಯತ್ಯಾಸ 1,20,000 ಕಡಿಮೆ, ಶೇಕಡಾ 4.8ರಷ್ಟು ಇಳಿಕೆ ಎಂದು ಬಂತು. ಸಭೆಯಲ್ಲಿ ಯಾರೂ ಪ್ರಶ್ನಿಸದೆ ಒಪ್ಪಿಬಿಡುವಂಥ ಅಂಕಿ ಅದು. ಆದರೆ ಹೊರರೋಗಿಗಳ ಸಂಖ್ಯೆ ಏರುತ್ತಿದ್ದ ವರ್ಷದಲ್ಲಿ ರೀಏಜೆಂಟ್ ಖರ್ಚು ಇಳಿಯುವುದು ಹೇಗೆ? ತಖ್ತೆ ಹಿಡಿದುಕೊಂಡು ಲ್ಯಾಬಿಗೆ ಹೋದೆ.

“ಮೇಡಂ, ಈ ದರಗಳನ್ನು ಎಲ್ಲಿಂದ ತಗೊಂಡ್ರಿ?” ಎಂದೆ.

“ಕಂಪನಿಯವರು ಕೊಟ್ಟ ಕೊಟೇಶನ್ ಇದೆಯಲ್ಲ ಸಾರ್, ಅದರಿಂದಲೇ. ಟ್ಯಾಕ್ಸ್ ಬೇರೆ ಅಂತ ಕೆಳಗೆ ಬರೆದಿರ್ತಾರೆ. ಅದು ನಿಮ್ಮ ಕಡೆ ನೋಡ್ಕೋತೀರಿ ಅಂದುಕೊಂಡೆ” ಎಂದರು.

ಅವರು ಹಾಗೆ ತಿಳಿದದ್ದು ಸಹಜವೇ. ಅಂಗಡಿ, ಕಾರ್ಖಾನೆಗಳಲ್ಲಿ ಖರೀದಿಗೆ ಕೊಟ್ಟ ಜಿಎಸ್‌ಟಿಯನ್ನು ಮಾರಾಟದ ತೆರಿಗೆಯಲ್ಲಿ ಕಳೆದುಕೊಳ್ಳಬಹುದು. ಅಲ್ಲಿ ತೆರಿಗೆ ಖರ್ಚಾಗುವುದಿಲ್ಲ. ಆಸ್ಪತ್ರೆಯ ಚಿಕಿತ್ಸೆಗೆ ಜಿಎಸ್‌ಟಿ ವಿನಾಯಿತಿ ಇದೆ. ರೋಗಿಯಿಂದ ತೆರಿಗೆ ಪಡೆಯುವುದಿಲ್ಲವಾದ್ದರಿಂದ, ಆ ಚಿಕಿತ್ಸೆಗಾಗಿ ಕೊಂಡ ವಸ್ತುವಿನ ಮೇಲೆ ಕೊಟ್ಟ ತೆರಿಗೆ ಹಿಂದಕ್ಕೆ ಬರುವುದೂ ಇಲ್ಲ. ಅದು ಪೂರ್ತಿ ಆಸ್ಪತ್ರೆಯ ಖರ್ಚು. ಆ ಕಾಲಕ್ಕೆ ಈ ರೀಏಜೆಂಟುಗಳ ಮೇಲೆ ಶೇಕಡಾ 12 ತೆರಿಗೆ ಇತ್ತು. 24,00,000ಕ್ಕೆ ತೆರಿಗೆ 2,88,000. ನಿಜವಾದ ಬೇಡಿಕೆ 26,88,000. ಲೆಡ್ಜರಿನ 25,20,000 ಬಿಲ್ಲಿನ ಪೂರ್ತಿ ಮೊತ್ತವಾದ್ದರಿಂದ ತೆರಿಗೆ ಅದರಲ್ಲಿ ಸೇರಿಯೇ ಇತ್ತು. ಹಾಗಾಗಿ ಸರಿಯಾದ ವ್ಯತ್ಯಾಸ 1,68,000 ಹೆಚ್ಚು, ಅಂದರೆ ಸುಮಾರು ಶೇಕಡಾ 6.7ರಷ್ಟು ಏರಿಕೆ. ಇಳಿಕೆ ಎಂದಿದ್ದದ್ದು ಏರಿಕೆಯಾಯಿತು.

ಇಲ್ಲಿ ಕೂಡುವುದರಲ್ಲಿ ಯಾವ ತಪ್ಪೂ ಇರಲಿಲ್ಲ. ಎರಡೂ ಅಂಕಿಗಳು ತಮ್ಮ ತಮ್ಮ ಜಾಗದಲ್ಲಿ ಸರಿಯಾಗಿಯೇ ಇದ್ದವು. ಅವನ್ನು ಅಕ್ಕಪಕ್ಕ ಇಟ್ಟು ಕಳೆಯುವುದು ಮಾತ್ರ ಸಲ್ಲದಾಗಿತ್ತು. ವ್ಯತ್ಯಾಸದ ಕಾಲಂ ಎಂದರೆ ಎರಡು ಅಂಕಿಗಳು ಒಂದೇ ಮಾತನ್ನು ಹೇಳುತ್ತಿವೆ ಎಂದು ನಾವು ಕೊಡುವ ಭರವಸೆ. ಆ ಭರವಸೆಯನ್ನು ಮೊದಲು ಸಂಪಾದಿಸಿ ಆಮೇಲೆ ಕಳೆಯಬೇಕು.

ಸಿಸ್ಟರ್ ಅವರ ತಖ್ತೆಯಲ್ಲಿ ಇದೇ ಮಾತು ಇನ್ನೊಂದು ರೂಪದಲ್ಲಿ ಬಂತು. ವಾರ್ಡಿನ ಬೆಡ್‌ಶೀಟ್, ಗೌನುಗಳನ್ನು ಒಗೆಸುವ ಗುತ್ತಿಗೆ ಹಿಂದಿನ ಸಾಲಿನಲ್ಲಿ ನಿರ್ವಹಣೆಯವರ ಕೈಯಲ್ಲಿತ್ತು, ಈ ಸಲ ಅದನ್ನು ನರ್ಸಿಂಗಿಗೆ ವಹಿಸಿದ್ದರು. ನಿರ್ವಹಣೆಯಲ್ಲಿ 6,00,000 ಇದ್ದದ್ದು ಮಾಯವಾಗಿ ನರ್ಸಿಂಗಿನಲ್ಲಿ 6,30,000 ಹೊಸದಾಗಿ ಹುಟ್ಟಿತು. ಹಾಗೆಯೇ ಬಿಟ್ಟಿದ್ದರೆ ಇಂಜಿನಿಯರ್ ಭಾರಿ ಉಳಿತಾಯ ಮಾಡಿದಂತೆಯೂ ಸಿಸ್ಟರ್ ಭಾರಿ ಖರ್ಚು ಏರಿಸಿದಂತೆಯೂ ತಖ್ತೆ ಹೇಳುತ್ತಿತ್ತು. ಇಬ್ಬರೂ ಅದಕ್ಕೆ ಕಾರಣರಲ್ಲ. ಹಿಂದಿನ ಸಾಲಿನ 6,00,000ವನ್ನೂ ನರ್ಸಿಂಗಿನ ಕೆಳಗೆ ತಂದು ನಿಲ್ಲಿಸಿದಾಗ ಉಳಿದದ್ದು 30,000, ಶೇಕಡಾ 5ರ ಏರಿಕೆ. ಅದು ಗುತ್ತಿಗೆದಾರ ಕೇಳಿದ ದರದ ಏರಿಕೆಯಷ್ಟೇ.

ಹೀಗೆ ಹಳೆಯ ಸಾಲನ್ನು ಹೊಸ ಹೊಂದಾಣಿಕೆ ಪಟ್ಟಿಯ ಪ್ರಕಾರ ಮತ್ತೆ ಬರೆಯುವುದನ್ನು ಹಲವರು ಒಪ್ಪುವುದಿಲ್ಲ. ‘ಸಭೆ ಮಂಜೂರು ಮಾಡಿದ ಅಂಕಿಯನ್ನು ನೀವು ಬದಲಿಸುವುದು ಹೇಗೆ’ ಎಂದು ಹಿರಿಯ ಟ್ರಸ್ಟಿಯೊಬ್ಬರು ಕೇಳಿದ್ದರು. ಪ್ರಶ್ನೆ ನ್ಯಾಯವಾದದ್ದು. ನಮ್ಮ ಉತ್ತರ ಹೀಗಿತ್ತು: ಹಣ ಬದಲಾಗಿಲ್ಲ, ಅದು ಕೂರುವ ಜಾಗ ಬದಲಾಗಿದೆ. ಅದಕ್ಕೆ ಸಾಕ್ಷಿಯಾಗಿ ಮರುಜೋಡಿಸಿದ ಹಿಂದಿನ ಸಾಲಿನ ಒಟ್ಟು ಮೊತ್ತ, ಸಭೆಯ ನಡಾವಳಿಯಲ್ಲಿ ಬರೆದ ಮೊತ್ತಕ್ಕೆ ಒಂದು ರೂಪಾಯಿಯೂ ಹೆಚ್ಚುಕಡಿಮೆ ಇಲ್ಲದೆ ತಾಳೆಯಾಗಬೇಕು. ಯಾವ ಬಾಬ್ತು ಎಲ್ಲಿಂದ ಎಲ್ಲಿಗೆ ಹೋಯಿತು ಎಂಬುದನ್ನು ಒಂದು ಪುಟದಲ್ಲಿ ಪಟ್ಟಿ ಮಾಡಿ ಆಯವ್ಯಯಕ್ಕೆ ಲಗತ್ತಿಸಬೇಕು. ಅವರು ನಡಾವಳಿ ಪುಸ್ತಕ ತರಿಸಿ ನೋಡಿ ಒಪ್ಪಿದರು.

ವಿಭಾಗಗಳು ತಮ್ಮ ತಮ್ಮಲ್ಲೇ ಮಾಡುವ ವ್ಯವಹಾರಗಳಿಗೆ ಇನ್ನೊಂದು ಬಗೆಯ ಎಚ್ಚರ ಬೇಕು. ನಮ್ಮ ಅಡುಗೆಮನೆಯೇ ನರ್ಸಿಂಗ್ ಶಾಲೆಯ ಹಾಸ್ಟೆಲ್ಲಿಗೂ ಊಟ ಕೊಡುತ್ತಿತ್ತು. ಶಾಲೆಯವರು ‘ಅಡುಗೆಮನೆಗೆ ಕೊಡುವ ಊಟದ ಹಣ’ ಎಂದು 18,00,000 ಖರ್ಚು ತೋರಿಸಿದ್ದರು. ಅಕ್ಕ ತಮ್ಮ ನೋಟ್‌ಬುಕ್ಕಿನಲ್ಲಿ ‘ಹಾಸ್ಟೆಲ್ಲಿನಿಂದ ಬರುವುದು’ ಎಂದು 16,50,000 ಆದಾಯ ಬರೆದಿದ್ದರು. ಸಂಸ್ಥೆಯ ಮಟ್ಟದಲ್ಲಿ ಇದು ಒಂದು ಜೇಬಿನಿಂದ ತೆಗೆದು ಇನ್ನೊಂದು ಜೇಬಿಗೆ ಹಾಕಿಕೊಂಡಂತೆ. ಹೊರಗೆ ಹೋದ ಹಣವೂ ಇಲ್ಲ, ಒಳಗೆ ಬಂದದ್ದೂ ಇಲ್ಲ. ಅಕ್ಕಿ, ತರಕಾರಿ, ಗ್ಯಾಸಿನ ಖರ್ಚು ಅಡುಗೆಮನೆಯ ತಖ್ತೆಯಲ್ಲಿ ಆಗಲೇ ಬಂದಿದೆ. ಇದನ್ನು ತೆಗೆಯದಿದ್ದರೆ ಆದಾಯ ಮತ್ತು ಖರ್ಚು ಎರಡೂ ಉಬ್ಬುತ್ತವೆ.

ತೆಗೆಯುವ ಮೊದಲು ಎರಡೂ ಕಡೆ ಒಂದೇ ಅಂಕಿ ಇರಬೇಕು. ಇಲ್ಲಿ 1,50,000 ಅಂತರವಿತ್ತು. ತಲೆಗೆ ತಿಂಗಳಿಗೆ 2,500ರಂತೆ 60 ವಿದ್ಯಾರ್ಥಿನಿಯರಿಗೆ ಒಂದು ತಿಂಗಳಿಗೆ ಆಗುವುದು ಸರಿಯಾಗಿ 1,50,000. ಅಂದರೆ ಒಬ್ಬರು ಹನ್ನೆರಡು ತಿಂಗಳು ಹಿಡಿದಿದ್ದಾರೆ, ಇನ್ನೊಬ್ಬರು ಹನ್ನೊಂದು. ಅಕ್ಕನನ್ನು ಕೇಳಿದೆ.

“ರಜದಾಗ ಹುಡುಗೀರು ಊರಿಗೆ ಹೋಗ್ತಾರಲ್ಲಪ್ಪ. ಆ ಒಂದು ತಿಂಗಳು ನಾನು ಯಾರಿಗೆ ಬಡಿಸಲಿ?” ಎಂದರು.

ಶಾಲೆಯವರು ಹನ್ನೊಂದು ತಿಂಗಳೇ ಸರಿ ಎಂದು ಒಪ್ಪಿ ತಿದ್ದಿದರು. ಎರಡೂ ಕಡೆ 16,50,000 ಆದ ಮೇಲೆ ಎರಡನ್ನೂ ‘ಅಂತರ ವಿಭಾಗ’ ಎಂಬ ಬೇರೆ ಕೋಡಿಗೆ ಹಾಕಿದೆವು. ಆ ಕೋಡಿನ ಆದಾಯದಿಂದ ಖರ್ಚು ಕಳೆದರೆ ಸೊನ್ನೆ ಬರಬೇಕು. ಬಾರದಿದ್ದರೆ ಯಾವುದೋ ಜೋಡಿ ಹೊಂದಿಲ್ಲವೆಂದು ತಿಳಿಯುತ್ತದೆ. ಅಂಕಿ ಹೊಂದದೆ ಹಾಗೇ ಕೂಡಿದ್ದರೆ ಸಂಸ್ಥೆಯ ಉಳಿಕೆ ಒಂದೂವರೆ ಲಕ್ಷದಷ್ಟು ಕಡಿಮೆ ಕಾಣುತ್ತಿತ್ತು.

ಎರಡು ಸಲ ಬರುವ ಹಣದಲ್ಲಿ ಸಂಬಳದ್ದೇ ಹೆಚ್ಚು. ಸಿಬ್ಬಂದಿ ಶಾಖೆ ಎಲ್ಲರ ಸಂಬಳವನ್ನೂ ಕೊಟ್ಟಿತ್ತು. ಸಿಸ್ಟರ್ ತಮ್ಮ ಪಟ್ಟಿಯಲ್ಲಿ ಎಂಟು ಗುತ್ತಿಗೆ ನರ್ಸುಗಳಿಗೆ ತಿಂಗಳಿಗೆ 10,000ದಂತೆ 9,60,000 ಸೇರಿಸಿದ್ದರು. ಇದನ್ನು ರೂಪಾಯಿಯಲ್ಲಿ ಹುಡುಕಿದರೆ ಸಿಗುವುದು ಕಷ್ಟ, ಏಕೆಂದರೆ ಸಿಬ್ಬಂದಿ ಶಾಖೆಯಲ್ಲಿ ಅದು ದೊಡ್ಡ ಮೊತ್ತದೊಳಗೆ ಕರಗಿರುತ್ತದೆ. ಜನರ ತಲೆ ಎಣಿಸಿದರೆ ಸಿಗುತ್ತದೆ. ಎಲ್ಲ ತಖ್ತೆಗಳಲ್ಲಿ ಬಂದ ಜನರ ಸಂಖ್ಯೆಯನ್ನು ಕೂಡಿ ಹಾಜರಿ ಪುಸ್ತಕಕ್ಕೆ ಹೋಲಿಸಿದಾಗ ನಮ್ಮಲ್ಲಿ ಎಂಟು ಜನ ಹೆಚ್ಚಿದ್ದರು.

ಇಷ್ಟಾದ ಮೇಲೆ ತಾಳೆ ಪಟ್ಟಿ ಬರೆದೆವು. ವಿಭಾಗಗಳು ಸಲ್ಲಿಸಿದ ಒಟ್ಟು 6,42,00,000. ಅದಕ್ಕೆ ಲ್ಯಾಬಿನ ತೆರಿಗೆ 2,88,000 ಕೂಡಿತು. ಹಾಸ್ಟೆಲ್ ಊಟದ 18,00,000 ಮತ್ತು ಎರಡು ಸಲ ಬಂದ ಸಂಬಳದ 9,60,000 ಕಳೆದವು. ಉಳಿದದ್ದು 6,17,28,000. ಸಭೆಯ ತಖ್ತೆಯ ಕೊನೆಯ ಸಾಲಿನಲ್ಲೂ ಅದೇ ಅಂಕಿ. ನಮ್ಮ ಇಡೀ ಆಯವ್ಯಯದಲ್ಲಿ ನಾನು ಅತಿ ಹೆಚ್ಚು ಗೌರವಿಸುವ ಪುಟ ಇದು. ‘ನಾವು ಕೇಳಿದ್ದು ಅಷ್ಟು, ನೀವು ತೋರಿಸಿದ್ದು ಇಷ್ಟು, ನಡುವೆ ಏನಾಯಿತು’ ಎಂದು ಯಾವ ವಿಭಾಗ ಬಂದು ಕೇಳಿದರೂ ಈ ನಾಲ್ಕು ಸಾಲಿನಲ್ಲಿ ಉತ್ತರವಿತ್ತು.

ಇನ್ನು ವ್ಯತ್ಯಾಸದ ಕಾಲಂಗಳು. ನಾವು ಎರಡು ಜೋಡಿ ಇಟ್ಟುಕೊಂಡೆವು. ಒಂದು, ಚಾಲ್ತಿ ಸಾಲಿನ ಮಂಜೂರಾತಿಗೂ ಪರಿಷ್ಕೃತ ಅಂದಾಜಿಗೂ ನಡುವಿನದು; ಈ ವರ್ಷ ಹೇಗೆ ನಡೆಯಿತು ಎಂದು ಅದು ಹೇಳುತ್ತದೆ. ಇನ್ನೊಂದು, ಪರಿಷ್ಕೃತ ಅಂದಾಜಿಗೂ ಮುಂದಿನ ಸಾಲಿನ ಬೇಡಿಕೆಗೂ ನಡುವಿನದು. ಮುಂದಕ್ಕೆ ಏನು ಬದಲಾಗುತ್ತದೆ ಎಂದು ಅದು ಹೇಳುತ್ತದೆ. ಇವೆರಡನ್ನೂ ಒಂದೇ ಕಾಲಂಗೆ ಸೇರಿಸಿ, ಹಳೆಯ ಮಂಜೂರಾತಿಗೂ ಹೊಸ ಬೇಡಿಕೆಗೂ ನೇರವಾಗಿ ಕಳೆದುಬಿಟ್ಟರೆ ಆಗಲೇ ಆಗಿಹೋದ ಖರ್ಚಿನ ಏರಿಕೆಯೂ ಹೊಸದಾಗಿ ಕೇಳುತ್ತಿರುವ ಏರಿಕೆಯೂ ಬೆರೆತುಹೋಗುತ್ತವೆ.

ಪರಿಷ್ಕೃತ ಅಂದಾಜು ಎಂದರೆ ಡಿಸೆಂಬರ್‌ವರೆಗಿನ ಒಂಬತ್ತು ತಿಂಗಳ ನಿಜ ಖರ್ಚು, ಮುಂದಿನ ಮೂರು ತಿಂಗಳ ಅಂದಾಜು. ಒಂಬತ್ತು ತಿಂಗಳ ಮೊತ್ತವನ್ನು ಹನ್ನೆರಡಕ್ಕೆ ಏರಿಸಿಬಿಡುವುದು ಎಲ್ಲ ಬಾಬ್ತಿಗೂ ಒಗ್ಗುವುದಿಲ್ಲ. ಗಾಡಿಗಳ ವಿಮೆ 1,80,000ವನ್ನು ಮೇ ತಿಂಗಳಲ್ಲೇ ವರ್ಷಪೂರ್ತಿಗೆ ಕಟ್ಟಿರುತ್ತೇವೆ. ಅದನ್ನು ಏರಿಸಿದರೆ 2,40,000 ಆಗಿ, ಎಂದೂ ಆಗದ 60,000 ಖರ್ಚು ತಖ್ತೆಗೆ ಸೇರುತ್ತದೆ. ಮುಂದಿನ ಸಾಲಿನ ಬೇಡಿಕೆಯನ್ನು ಅದರ ಎದುರು ಇಟ್ಟರೆ ಸುಳ್ಳು ಉಳಿತಾಯ ಕಾಣುತ್ತದೆ. ಹೊಂದಾಣಿಕೆ ಪಟ್ಟಿಯಲ್ಲೇ ಪ್ರತಿ ಕೋಡಿಗೂ ‘ತಿಂಗಳ ಖರ್ಚು’, ‘ವರ್ಷಕ್ಕೊಮ್ಮೆ’ ಎಂದು ಗುರುತು ಹಾಕಿದೆವು.

ಶೇಕಡಾ ಕಾಲಂಗೆ ಎರಡು ಕಟ್ಟುಪಾಡುಗಳು ಸಾಕು. ಹಿಂದಿನ ಅಂಕಿ ಸೊನ್ನೆಯಿದ್ದರೆ ಶೇಕಡಾ ಲೆಕ್ಕಕ್ಕೆ ಅರ್ಥವಿಲ್ಲ. ಅಲ್ಲಿ ‘ಹೊಸದು’ ಎಂದು ಬರೆಯಬೇಕು.

```
=IF(F5=0,"ಹೊಸದು",(G5-F5)/F5)
```

F ಕಾಲಂನಲ್ಲಿ ಪರಿಷ್ಕೃತ ಅಂದಾಜು, G ಕಾಲಂನಲ್ಲಿ ಬೇಡಿಕೆ. ಎರಡನೆಯದು, ಒಟ್ಟು ಸಾಲಿನ ಶೇಕಡಾವನ್ನು ಒಟ್ಟು ಮೊತ್ತಗಳಿಂದಲೇ ತೆಗೆಯಬೇಕು. ಮೇಲಿನ ಶೇಕಡಾಗಳನ್ನು ಕೂಡುವುದಾಗಲಿ ಸರಾಸರಿ ತೆಗೆಯುವುದಾಗಲಿ ಸಲ್ಲದು. ಹಾಗೆ ಮಾಡಿದರೆ ಚಿಕ್ಕ ಬಾಬ್ತಿನ ದೊಡ್ಡ ಶೇಕಡಾ ಇಡೀ ಸಂಸ್ಥೆಯ ಅಂಕಿಯನ್ನು ಎಳೆದುಬಿಡುತ್ತದೆ. ಇದೇ ಕಾರಣಕ್ಕೆ ಷರಾ ಬರೆಯಬೇಕಾದ ಬಾಬ್ತುಗಳನ್ನು ಆರಿಸಲು ಶೇಕಡಾ ಒಂದನ್ನೇ ನಂಬಲಿಲ್ಲ. ಒಂದು ವಿಭಾಗದ ಸ್ಟೇಷನರಿ 4,000ದಿಂದ 12,000ಕ್ಕೆ ಏರಿದರೆ ಶೇಕಡಾ 200. ಎರಡು ಕೋಟಿಯ ಸಂಬಳ ಶೇಕಡಾ 4 ಏರಿದರೆ 8,00,000. ಸಭೆಯ ಸಮಯ ಹೋಗಬೇಕಾದದ್ದು ಎರಡನೆಯದಕ್ಕೆ. ಲಕ್ಷ ಮೀರಿದ ಎಲ್ಲ ವ್ಯತ್ಯಾಸಕ್ಕೂ, ಜೊತೆಗೆ 25,000 ಮೀರಿ ಶೇಕಡಾ 10ಕ್ಕಿಂತ ಹೆಚ್ಚಾದದ್ದಕ್ಕೂ ಷರಾ ಕಡ್ಡಾಯ ಎಂದು ಗೆರೆ ಎಳೆದೆವು.

ಷರಾದಲ್ಲಿ ‘ಬೆಲೆ ಏರಿಕೆಯಿಂದ’ ಎಂಬ ಒಂದೇ ಮಾತು ಬಾರದಂತೆ ನೋಡಿಕೊಳ್ಳಲು ವಿಭಾಗಗಳ ಮೂಲ ತಖ್ತೆಗಳೇ ನೆರವಾದವು. ವಾಹನ ವಿಭಾಗದ ಡೀಸೆಲ್ ಪರಿಷ್ಕೃತ ಅಂದಾಜು 6,30,000, ಬೇಡಿಕೆ 7,56,000. ಏರಿಕೆ 1,26,000, ಶೇಕಡಾ 20. ಡೀಸೆಲ್ ಬೆಲೆಯ ಮಾತು ಎಲ್ಲರ ಬಾಯಲ್ಲೂ ಇದ್ದ ಕಾಲ ಅದು. ಬೆಲೆ ಏರಿಕೆ ಎಂದರೆ ಎಲ್ಲರೂ ನಂಬುತ್ತಿದ್ದರು. ಆದರೆ ಅವರ ಪುಟಗಳಲ್ಲಿ ಲೀಟರೂ ದರವೂ ಇದ್ದವು. ಚಾಲ್ತಿ ಸಾಲಿಗೆ 9,000 ಲೀಟರ್, 70 ರೂಪಾಯಿಯಂತೆ. ಮುಂದಿನ ಸಾಲಿಗೆ 10,500 ಲೀಟರ್, 72ರಂತೆ. ಹೆಚ್ಚಾದ 1,500 ಲೀಟರನ್ನು ಹಳೆಯ ದರದಲ್ಲಿ ಗುಣಿಸಿದರೆ 1,05,000. ಏರಿದ ಎರಡು ರೂಪಾಯಿಯನ್ನು ಹೊಸ ಲೀಟರಿನಿಂದ ಗುಣಿಸಿದರೆ 21,000. ಎರಡೂ ಕೂಡಿ 1,26,000. ಬೆಲೆಯ ಪಾಲು ಆರರಲ್ಲಿ ಒಂದು ಮಾತ್ರ.

ಉಳಿದ ಐದು ಪಾಲು ಎಲ್ಲಿಯದು ಎಂದು ಗಾಡಿಗಳ ಪುಟ ತಿರುವಿದರೆ ಒಂದೇ ವಾಹನದ ಓಡಾಟ ಏರಿತ್ತು. ಡಯಾಲಿಸಿಸ್ ರೋಗಿಗಳನ್ನು ಹಳ್ಳಿಗಳಿಂದ ಕರೆತರಲು ಹೊಸ ದಾರಿಯೊಂದನ್ನು ಸೇರಿಸಲು ವಿಭಾಗ ಯೋಚಿಸಿತ್ತು. ಷರಾ ಕಾಲಂನಲ್ಲಿ ಹೀಗೆ ಬರೆದೆವು: ದರದಿಂದ 21,000, ಹೊಸ ದಾರಿಯಿಂದ 1,05,000. ಸಭೆಯಲ್ಲಿ ಡೀಸೆಲ್ ಬೆಲೆಯ ಬಗ್ಗೆ ಯಾರೂ ಮಾತಾಡಲಿಲ್ಲ. ಆ ದಾರಿಯಲ್ಲಿ ಎಷ್ಟು ರೋಗಿಗಳಿದ್ದಾರೆ, ವಾರಕ್ಕೆ ಎಷ್ಟು ಸಲ ಬರಬೇಕಾಗುತ್ತದೆ, ಗಾಡಿಯಿಲ್ಲದಿದ್ದರೆ ಅವರು ಹೇಗೆ ಬರುತ್ತಾರೆ ಎಂದು ಕೇಳಿದರು. ದಾರಿಯನ್ನು ಮಂಜೂರು ಮಾಡಿದರು.

ಈ ಕ್ರಮದಿಂದ ಎಲ್ಲವೂ ಬಗೆಹರಿಯುತ್ತದೆ ಎಂದು ನಾನು ಹೇಳಲಾರೆ. ಇಂಜಿನಿಯರ್ ‘ದುರಸ್ತಿ ಮತ್ತು ಹೊಸ ಖರೀದಿ’ ಎಂದು ಒಂದೇ ಅಂಕಿ ಕೊಟ್ಟಾಗ ಅದನ್ನು ಎರಡು ಶೀರ್ಷಿಕೆಗೆ ಒಡೆಯಲು ಊಹೆಯೇ ಬೇಕಾಯಿತು. ಅಂಥ ಕಡೆ ಯಾವ ಆಧಾರದ ಮೇಲೆ ಒಡೆದೆವು ಎಂದು ಷರಾದಲ್ಲಿ ಬರೆದು, ಮುಂದಿನ ವರ್ಷ ಎರಡನ್ನೂ ಬೇರೆ ಬೇರೆ ಕೊಡಿ ಎಂದು ಆ ಒಂದು ಸಾಲನ್ನಷ್ಟೇ ಕೇಳಿಕೊಂಡೆವು. ವಿಭಾಗದ ತಖ್ತೆಯನ್ನು ಬದಲಿಸಿ ಎಂದು ನಾವು ಕೇಳಬೇಕಾದದ್ದು ಅಷ್ಟೇ. ಅವರಿಗೆ ಮಾತ್ರ ಗೊತ್ತಿರುವ ಅಂಕಿಯನ್ನು ಅವರಿಂದ ಪಡೆಯಬೇಕು. ಅದನ್ನು ನಮ್ಮ ಶೀರ್ಷಿಕೆಗೆ ಹೊಂದಿಸುವ ಶ್ರಮ ನಮ್ಮದಾಗಿರಬೇಕು.

ಈಗಲೂ ಕೆಲವು ಟ್ರಸ್ಟುಗಳ ಲೆಕ್ಕಪತ್ರ ಶಾಖೆಯ ಎಳೆಯರು ತಖ್ತೆಗಳನ್ನು ತಂದು ತೋರಿಸುತ್ತಾರೆ. ನಾನು ಮೊದಲು ಕೇಳುವುದು ತಾಳೆ ಪಟ್ಟಿಯನ್ನು, ಆಮೇಲೆ ಹಿಂದಿನ ಸಾಲನ್ನು ಮರುಜೋಡಿಸಿದ ಪುಟವನ್ನು. ಇವೆರಡೂ ಇದ್ದರೆ ವ್ಯತ್ಯಾಸದ ಕಾಲಂ ಓದಲು ಕೂರುತ್ತೇನೆ. ಇಲ್ಲದಿದ್ದರೆ ಇವೆರಡನ್ನೂ ಮಾಡಿಕೊಂಡು ಬನ್ನಿ ಎನ್ನುತ್ತೇನೆ. ಅಲ್ಲಿಯವರೆಗೆ ಆ ಕಾಲಂನಲ್ಲಿರುವ ಏರಿಕೆ ಇಳಿಕೆಗಳಿಗೆ ಯಾವ ವಿಭಾಗವನ್ನೂ ಹೊಗಳುವಂತಿಲ್ಲ, ಯಾವ ವಿಭಾಗದ ಮೇಲೂ ಹೊರಿಸುವಂತಿಲ್ಲ.